ಪ್ರೆಸ್‌ಗೆ ಕೊಡೋ ಮುಂಚೆ ಪಿಡಿಎಫ್ ಒಳಗಿನ ಫೋಟೊ ನೋಡ್ರಿ

ಸ್ಮರಣ ಸಂಚಿಕೆ ಮಾಡೋರು ಫೋಟೊ ಫೈಲಿನಾಗ 300 ಡಿಪಿಐ ಅಂತ ಇದ್ದದ್ದಷ್ಟೇ ನಂಬಬ್ಯಾಡ್ರಿ. ಪುಟದಾಗ ಅದನ್ನ ಎಷ್ಟು ಹಿಗ್ಗಿಸೀರಿ ಅನ್ನೋದೇ ಮುಖ್ಯ. ಬೀದರ ಕೋಟೆಯ ಫೋಟೊ 1200 ಪಿಕ್ಸೆಲ್ ಅಗಲ ಅದ ಅನ್ರಿ. 4 ಇಂಚಿಗೆ ಕೂಡಿಸಿದ್ರ ಇಂಚಿಗೆ 300 ಪಿಕ್ಸೆಲ್ ಸಿಗ್ತಾವ, ಸಾಕು. ಅದನ್ನೇ ಮುಖಪುಟಕ್ಕ 8 ಇಂಚು ಎಳೆದ್ರ 150 ಅಷ್ಟೇ ಉಳೀತಾವ. ಮೊಬೈಲ್‌ನಾಗ ಚಂದ ಕಾಣ್ತದ, ಆದ್ರ ಆರ್ಟ್ ಪೇಪರ್ ಮ್ಯಾಲೆ ಗೋಡೆಯ ಕಲ್ಲೆಲ್ಲ ಮಸುಕು.

ಪಾಪ್ಲರ್ ಅನ್ನೋ ಉಚಿತ ತಂತ್ರಾಂಶ ಹಾಕ್ಕೊಂಡು ಈ ಕಮಾಂಡ್ ಕೊಡ್ರಿ:

```
pdfimages -list sanchike.pdf
```

ಇದರಾಗಿನ `x-ppi`, `y-ppi` ಕಾಲಂನಾಗ ಇರೋದು ಫೋಟೊ ಹಿಗ್ಗಿಸಿದ ಮ್ಯಾಲೆ ಇಂಚಿಗೆ ಎಷ್ಟು ಪಿಕ್ಸೆಲ್ ಉಳೀತಾವ ಅನ್ನೋ ಲೆಕ್ಕ. ಆಫ್‌ಸೆಟ್ ಮುದ್ರಣಕ್ಕ 300ರ ಸುಮಾರು ಇರ್ಲಿ. 200ಕ್ಕಿಂತ ಕಡಿಮಿ ಇದ್ರ ಪುಟದಾಗ ಫೋಟೊ ಸಣ್ಣದು ಮಾಡ್ರಿ, ಇಲ್ಲಾ ಮೂಲ ಫೈಲ್ ತರಿಸ್ರಿ. ಫೋಟೊಶಾಪಿನಾಗ ಪಿಕ್ಸೆಲ್ ಹೆಚ್ಚಿಸಿದ್ರ ಅಂಕಿ ಏರ್ತದ, ಹೋದ ವಿವರ ವಾಪಸ್ ಬರಂಗಿಲ್ಲ.