ಡೊಂಬಿವಲಿಯ ಮಳೆಗಾಲದಲ್ಲಿ ಕೆಡದ ತುಪ್ಪ

ಮುಂಬೈ ಕಡೆಯ ಮಳೆಗಾಲದಲ್ಲಿ ಮನೆಯ ತುಪ್ಪವನ್ನು ಫ್ರಿಜ್ ಇಲ್ಲದೆ ಇಡಲಾಗದು ಎಂದು ನಮ್ಮ ಅತ್ತಿಗೆ ಕೊನೆಯವರೆಗೂ ವಾದಿಸಿದ್ದರು. ಜೂನ್‌ನಲ್ಲಿ ಕಾಯಿಸಿ ಹೊರಗೇ ಇಟ್ಟಿದ್ದ ಬಾಟಲಿಯನ್ನು ದೀಪಾವಳಿಗೆ ಅವರ ಮುಂದೆಯೇ ತೆರೆದೆ; ಹರಳುಗಟ್ಟಿದ ತುಪ್ಪ, ಕಮಟು ವಾಸನೆ ಎಳ್ಳಷ್ಟೂ ಇರಲಿಲ್ಲ.

ಅದಕ್ಕೂ ಹಿಂದಿನ ವರ್ಷ ನಾನು ಮಾರಿದ ಅರ್ಧ ಲೀಟರಿನ ಹನ್ನೆರಡು ಬಾಟಲಿಗಳಲ್ಲಿ ಒಂಬತ್ತು ಹಿಂದಿರುಗಿ, ಸುಮಾರು 4,000 ರೂಪಾಯಿ ಕೈಬಿಟ್ಟಿತ್ತು. ಹವೆಯ ತೇವವೇ ಕಾರಣವೆಂದು ಎಲ್ಲರೂ ಹೇಳಿದರು. ಆದರೆ ಮುಚ್ಚಳಗಳನ್ನು ತಿರುಗಿಸಿ ನೋಡಿದಾಗ ಒಳಮೈಯಲ್ಲಿ ನೀರಿನ ಹನಿ ಒಣಗಿದ ಗುರುತುಗಳಿದ್ದವು, ಅವುಗಳ ನೇರ ಕೆಳಗೇ ತುಪ್ಪದ ಮೇಲೆ ಬೂಷ್ಟಿನ ಚುಕ್ಕೆಗಳಿದ್ದವು. ಬಿಸಿ ತುಪ್ಪಕ್ಕೆ ಮುಚ್ಚಳ ಬಿಗಿದದ್ದೇ ನನ್ನ ತಪ್ಪು: ಪೂರ್ತಿ ಆರದೆ ಉಳಿದಿದ್ದ ನೀರಿನಂಶ ಆವಿಯಾಗಿ ಮುಚ್ಚಳಕ್ಕೆ ತಗುಲಿ, ತಣಿದು, ಮತ್ತೆ ತುಪ್ಪದ ಮೇಲೇ ತೊಟ್ಟಿಕ್ಕಿತ್ತು. ಫ್ರಿಜ್‌ನಲ್ಲಿಟ್ಟು ದಿನವೂ ಹೊರತೆಗೆದ ಬಾಟಲಿಯೂ ಉಳಿಯಲಿಲ್ಲ, ಏಕೆಂದರೆ ತೆರೆದಾಗಲೆಲ್ಲ ತಣ್ಣನೆಯ ತುಪ್ಪದ ಮೇಲೆ ಹೊರಗಿನ ತೇವ ಕೂರುತ್ತಿತ್ತು.

ಆದ್ದರಿಂದ ಈಗ ಕೆಲಸ ಬೆಣ್ಣೆಯಿಂದಲೇ ಆರಂಭವಾಗುತ್ತದೆ. ಹೆಪ್ಪು ಹಾಕಿದ ಕೆನೆಯನ್ನು ಕಡೆದು ಬಂದ ಬೆಣ್ಣೆಯನ್ನು, ತೊಳೆದ ನೀರು ತಿಳಿಯಾಗುವವರೆಗೆ ನಾಲ್ಕೈದು ಬಾರಿ ತಣ್ಣೀರಿನಲ್ಲಿ ಹಿಸುಕುತ್ತೇನೆ. ಮಜ್ಜಿಗೆ ಉಳಿದ ಬೆಣ್ಣೆ ಹೊರಗಿಟ್ಟರೆ ಎರಡೇ ದಿನದಲ್ಲಿ ಹುಳಿಯುತ್ತದೆ. ಆರು ಕಿಲೋ ಬೆಣ್ಣೆಗೆ ನನಗೆ ಸುಮಾರು ನಾಲ್ಕೂವರೆ ಕಿಲೋ ತುಪ್ಪ ಸಿಗುತ್ತದೆ.

ಕಾಯಿಸುವಾಗ ಕಣ್ಣಿಗಿಂತ ಕಿವಿಯನ್ನು ನಂಬಬೇಕು. ನೀರಿರುವವರೆಗೆ ಚಟಪಟ ಸದ್ದಿರುತ್ತದೆ, ಆ ಸದ್ದು ಅಡಗಿದ ಮೇಲೆ ಸಣ್ಣ ನೊರೆ ಏಳುತ್ತದೆ. ಅಲ್ಲಿಗೆ ಉರಿಯನ್ನು ತೀರ ಇಳಿಸದಿದ್ದರೆ ನೀರಿಲ್ಲದ ತುಪ್ಪದ ಬಿಸಿ ಸರ್ರನೆ ಏರಿ ಗಸಿ ಸೀದುಹೋಗುತ್ತದೆ. ಹಾಗೆ ಒಂದು ಪಾತ್ರೆ ಪೂರ್ತಿ ಕಳೆದುಕೊಂಡಿದ್ದೇನೆ. ಗಸಿ ಕಂದು ಬಣ್ಣಕ್ಕೆ ತಿರುಗಿದಾಗ ಎರಡು ವೀಳ್ಯದೆಲೆ ಹಾಕಿ ಇಳಿಸುತ್ತೇನೆ. ಎಲೆಯ ಜೊತೆ ಹಾಕುವ ಇನ್ನೊಂದು ವಸ್ತುವನ್ನು ಮಾತ್ರ ಹೇಳಲಾರೆ, ಅದು ನನ್ನ ಅಮ್ಮ ಕೊಟ್ಟದ್ದು.

ಸೋಸಲು ಒಣ ಬಟ್ಟೆಯೇ ಆಗಬೇಕು, ಗಸಿಯ ಚೂರೂ ಒಳಗೆ ಇಳಿಯಬಾರದು. ತೊಳೆದ ಗಾಜಿನ ಬಾಟಲಿಗಳನ್ನು ಮಳೆಗಾಲದಲ್ಲಿ ಒರೆಸಿದರೆ ಸಾಲದು. ಓವನ್‌ನಲ್ಲಿ ಸಣ್ಣ ಬಿಸಿಗೆ ಕಾಲು ಗಂಟೆ ಇಡುತ್ತೇನೆ. ತುಪ್ಪವನ್ನು ಕತ್ತಿನವರೆಗೆ ತುಂಬಿ, ತೆಳು ಬಟ್ಟೆ ಕಟ್ಟಿ, ಪೂರ್ತಿ ತಣಿದ ಮರುದಿನವೇ ಮುಚ್ಚಳ ಬಿಗಿದು, ಬೆಳಕು ಬೀಳದ ಕಪಾಟಿನಲ್ಲಿ ಇಡುತ್ತೇನೆ.

ಇದೇ ಹುಮ್ಮಸ್ಸಿನಲ್ಲಿ ಪನೀರಿಗೂ ಕೈಹಾಕಿದೆ. ಫ್ರಿಜ್‌ನಲ್ಲಿ ನೀರಿನೊಳಗೆ ಮುಳುಗಿಸಿ, ದಿನವೂ ನೀರು ಬದಲಿಸಿದರೂ ಐದನೆಯ ದಿನ ಮೈ ಲೋಳೆಯಾಯಿತು. ಮೈಯೆಲ್ಲ ನೀರೇ ಇರುವ ಪನೀರಿಗೆ ತುಪ್ಪದ ಉಪಾಯ ಸಲ್ಲದು, ಮಾಡಿದ ಮೂರು ದಿನದೊಳಗೆ ಬಳಸುವುದೇ ಸರಿ.

ತೆರೆದ ತುಪ್ಪದ ಬಾಟಲಿಗೂ ಒದ್ದೆ ಚಮಚ ಬಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಗಿರಾಕಿಗಳಿಗೆ ಈಗ ಬಾಟಲಿಯ ಕತ್ತಿಗೆ ಒಣ ಮರದ ಚಮಚವೊಂದನ್ನು ಕಟ್ಟಿಯೇ ಕೊಡುತ್ತೇನೆ. ಅತ್ತಿಗೆ ಈ ಸಲ ಮೂರು ಬಾಟಲಿ ಒಯ್ದಿದ್ದಾರೆ.