ಮೀನಖಂಡದಿಂದ ಹೊರಟ ಕೆಂಪಿ: ರಕ್ತದ ದಾರಿಯನ್ನು ಕತೆ ಕಟ್ಟಿ ನೆನಪಿಡುವುದು ಹೇಗೆ?

ರಕ್ತ ಪರಿಚಲನೆಯ ದಾರಿಯನ್ನು ಹತ್ತನೇ ತರಗತಿಯ ಮಕ್ಕಳು ಹೆಸರುಗಳ ಸಾಲಾಗಿ ಬಾಯಿಪಾಠ ಮಾಡುತ್ತಾರೆ. ಹೃತ್ಕರ್ಣ, ಹೃತ್ಕುಕ್ಷಿ, ಅಪಧಮನಿ, ಅಭಿಧಮನಿ ಎಲ್ಲವೂ ಕಿವಿಗೆ ಒಂದೇ ಥರ ಕೇಳುವುದರಿಂದ, ನಡುವೆ ಒಂದು ಜಾರಿದರೂ ಗೊತ್ತಾಗುವುದಿಲ್ಲ. ಶ್ವಾಸಕೋಶದಿಂದ ಬಂದ ರಕ್ತವನ್ನು ಬಲ ಹೃತ್ಕರ್ಣಕ್ಕೆ ಸೇರಿಸುವ ತಪ್ಪು ಆಗುವುದು ಹೀಗೆಯೇ. ಅದೇ ದಾರಿಯನ್ನು ಒಂದು ಕೆಂಪು ರಕ್ತಕಣದ ಕತೆಯಾಗಿ ಬರೆದು ನೋಡಿ. ಬಾಗಿಲು ದಾಟದೆ ಮುಂದಿನ ಕೋಣೆಗೆ ಕತೆ ಹೋಗುವುದಿಲ್ಲ, ಹಾಗಾಗಿ ಬಿಟ್ಟುಹೋದ ಜಾಗ ತಾನೇ ಎದ್ದು ಕಾಣುತ್ತದೆ.

ಪೆನ್ನು ಹಿಡಿಯುವ ಮೊದಲು ಎಡ-ಬಲ ಸರಿ ಮಾಡಿಕೊಳ್ಳಬೇಕು. ತುಂಗಭದ್ರೆಯ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರಿನ ಕಡೆ ಹೋಗುತ್ತದೆ, ಬಲದಂಡೆಯದು ಬಳ್ಳಾರಿಯ ಕಡೆ. ಈ ಎಡ-ಬಲ ಅಣೆಕಟ್ಟಿನ ಮೇಲೆ ನಿಂತು ಹಿನ್ನೀರು ನೋಡುವವರದ್ದಲ್ಲ. ಹೊಳೆ ಹರಿಯುವ ಕಡೆ ಮುಖ ಮಾಡಿ ನಿಂತಾಗ ಎಡಗೈಗೆ ಬರುವುದು ಎಡದಂಡೆ. ಹೃದಯದ ಎಡ-ಬಲವೂ ನೋಡುವವರದ್ದಲ್ಲ, ಆ ಹೃದಯದ ಒಡೆಯನದು. ಪುಸ್ತಕದ ಚಿತ್ರದಲ್ಲಿ ಆತ ನಮಗೆ ಎದುರಾಗಿ ನಿಂತಿರುತ್ತಾನೆ, ಆದ್ದರಿಂದ ಆತನ ಬಲಭಾಗ ನಮ್ಮ ಎಡಗೈ ಕಡೆ ಬರುತ್ತದೆ. ಗೊಂದಲವಾದರೆ ಪುಸ್ತಕ ತೆರೆದು, ಚಿತ್ರ ಹೊರಗೆ ಕಾಣುವಂತೆ ನಿಮ್ಮ ಎದೆಗೆ ಆನಿಸಿಕೊಳ್ಳಿ. ಆಗ ಚಿತ್ರದ ಬಲವೂ ನಿಮ್ಮ ಬಲವೂ ಒಂದೇ ಕಡೆ ಬರುತ್ತವೆ.

ಇನ್ನೊಂದು ನಿಯಮ ರಕ್ತನಾಳಗಳ ಹೆಸರಿನದು. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ಒಳಗಿರುವ ರಕ್ತದಲ್ಲಿ ಆಮ್ಲಜನಕ ಹೆಚ್ಚೋ ಕಡಿಮೆಯೋ ಎಂಬುದಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಇದನ್ನು ಮರೆತವರು ಪುಪ್ಪುಸ ಅಪಧಮನಿಯ ಹತ್ತಿರ ಬಂದಾಗ ಎಡವುತ್ತಾರೆ.

ಕತೆಗೆ ಹೊರಡುವ ಊರು ಹೃದಯ ಆಗಬಾರದು. ಮೈಯ ಒಂದು ಮೂಲೆಯಿಂದ ಹೊರಟು ಅಲ್ಲಿಗೇ ಮರಳಿದರೆ ಮಾತ್ರ ಸುತ್ತು ಪೂರ್ತಿಯಾಗುತ್ತದೆ. ನಾವಿಲ್ಲಿ ಎಡ ಮೀನಖಂಡವನ್ನು ಆರಿಸಿಕೊಂಡಿದ್ದೇವೆ. ಕಣದ ಹೆಸರು ಕೆಂಪಿ.

ಹುಡುಗನೊಬ್ಬ ಅಂಜನಾದ್ರಿಯ ಮೆಟ್ಟಿಲು ಹತ್ತುತ್ತಿದ್ದಾನೆ. ಅವನ ಮೀನಖಂಡದ ಲೋಮನಾಳದಲ್ಲಿ ಕೆಂಪಿ ನುಸುಳುತ್ತಿದ್ದಾಳೆ. ಅವಳ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಪಾಲು. ನಾಳ ಕೆಲವು ಕಡೆ ಅದಕ್ಕಿಂತಲೂ ಕಿರಿದು. ಹೆಂಚಿನಿಂದ ಆಗಷ್ಟೇ ಇಳಿಸಿದ ಜೋಳದ ರೊಟ್ಟಿಯಂತೆ ಅವಳು ಮಡಚಿಕೊಂಡು ದಾಟುತ್ತಾಳೆ. ಅವಳ ಒಡಲಲ್ಲಿ ಹಿಮೋಗ್ಲೋಬಿನ್ ತುಂಬಿದೆ, ಪ್ರತಿ ಹಿಮೋಗ್ಲೋಬಿನ್‌ನಲ್ಲಿ ಆಮ್ಲಜನಕಕ್ಕೆ ನಾಲ್ಕು ಆಸನ. ಹುಡುಗ ಸುಮ್ಮನೆ ಕೂತಿದ್ದರೆ ನಾಲ್ಕರಲ್ಲಿ ಸರಾಸರಿ ಒಂದು ಆಸನ ಮಾತ್ರ ಇಲ್ಲಿ ಖಾಲಿಯಾಗುತ್ತಿತ್ತು. ಈಗ ಸ್ನಾಯು ದುಡಿಯುತ್ತಿದೆ, ಹೆಚ್ಚು ಕೇಳುತ್ತದೆ, ಅವಳು ಹೆಚ್ಚು ಇಳಿಸುತ್ತಾಳೆ. ಬಣ್ಣ ಕಡುಗೆಂಪಾಗುತ್ತದೆ. ನೀಲಿ ಆಗುವುದಿಲ್ಲ, ನೀಲಿ ಇರುವುದು ಪುಸ್ತಕದ ಚಿತ್ರದಲ್ಲಿ ಮಾತ್ರ.

ಮುಂದೆ ಕಾಲಿನ ಅಭಿಧಮನಿ, ದಾರಿ ಪೂರಾ ಏರು. ಹುಡುಗ ಹೆಜ್ಜೆ ಊರಿದಾಗಲೆಲ್ಲ ಮೀನಖಂಡ ಬಿಗಿದು ನಾಳವನ್ನು ಹಿಂಡುತ್ತದೆ, ಕೆಂಪಿ ಮೇಲಕ್ಕೆ ಚಿಮ್ಮುತ್ತಾಳೆ. ಹಿಂದಕ್ಕೆ ಜಾರಬೇಕೆನ್ನುವಷ್ಟರಲ್ಲಿ ಕೆಳಗಿನ ಕವಾಟ ಮುಚ್ಚಿಕೊಳ್ಳುತ್ತದೆ. ಬಾವಿಯ ಪೈಪಿನ ತಳದ ಫುಟ್‌ವಾಲ್ವ್ ನೀರನ್ನು ಮೇಲಕ್ಕಷ್ಟೇ ಬಿಡುವ ಹಾಗೆ. (ಈ ಕವಾಟಗಳು ಸೋತರೆ ರಕ್ತ ಕೆಳಗೇ ನಿಂತು ಕಾಲಿನ ಮೇಲೆ ಸುರುಳಿ ಸುರುಳಿಯಾಗಿ ರಕ್ತನಾಳ ಉಬ್ಬುತ್ತವೆ.) ಹೊಟ್ಟೆಯೊಳಗೆ ಎರಡೂ ಕಾಲಿನ ದಾರಿಗಳು ಕೂಡಿ ಅಧೋ ಮಹಾಅಭಿಧಮನಿಯಾಗುತ್ತವೆ. ಅದು ಕೆಂಪಿಯನ್ನು ಬಲ ಹೃತ್ಕರ್ಣಕ್ಕೆ ತಂದು ಬಿಡುತ್ತದೆ. ತಲೆ, ತೋಳುಗಳ ಕಣಗಳು ಊರ್ಧ್ವ ಮಹಾಅಭಿಧಮನಿಯಿಂದ ಇಳಿದು ಅದೇ ಕೋಣೆ ಸೇರುತ್ತವೆ.

ಕೋಣೆಯ ಬಾಗಿಲಿಗೆ ಮೂರು ಎಸಳು: ತ್ರಿದಳ ಕವಾಟ. ಬಲಕ್ಕೆ ಬಿಲ್ವ ಎಂದು ನೆನಪಿಡಿ, ಬಿಲ್ವಪತ್ರೆಗೂ ಮೂರೇ ದಳ. ದಾಟಿದರೆ ಬಲ ಹೃತ್ಕುಕ್ಷಿ. ಅದು ಹಿಂಡಿದ ಕೂಡಲೇ ಹಿಂದಿನ ಬಾಗಿಲು ‘ಲಬ್’ ಎಂದು ಮುಚ್ಚುತ್ತದೆ, ಮುಂದಿನ ಅರ್ಧಚಂದ್ರ ಕವಾಟ ತೆರೆಯುತ್ತದೆ. ಕೆಂಪಿ ಪುಪ್ಪುಸ ಅಪಧಮನಿಗೆ ಬೀಳುತ್ತಾಳೆ. ಅವಳ ಆಸನಗಳು ಇನ್ನೂ ಖಾಲಿ, ಆದರೂ ನಾಳದ ಹೆಸರು ಅಪಧಮನಿಯೇ. ಹೃದಯದಿಂದ ಹೊರಗೆ ಹೊರಟಿದ್ದಾಳಲ್ಲ!

ಶ್ವಾಸಕೋಶದ ಲೋಮನಾಳ ಗಾಳಿಗೂಡಿಗೆ ಅಂಟಿಕೊಂಡೇ ಇದೆ. ವಿಶ್ರಾಂತಿಯಲ್ಲಿ ಕಣವೊಂದು ಇಲ್ಲಿರುವುದು ಸುಮಾರು ಮುಕ್ಕಾಲು ಸೆಕೆಂಡು, ಆಸನ ತುಂಬಲು ಸುಮಾರು ಕಾಲು ಸೆಕೆಂಡು ಸಾಕು. ಉಳಿದದ್ದು ಮೀಸಲು. ಹುಡುಗ ಏದುಸಿರು ಬಿಡುತ್ತಾ ಹತ್ತುವಾಗ ರಕ್ತ ರಭಸದಿಂದ ಓಡಿದರೂ ಕೆಂಪಿ ತುಂಬಿಕೊಂಡೇ ಹೊರಡುವುದು ಈ ಮೀಸಲಿನಿಂದ.

ಕಡುಗೆಂಪು ಹೋಗಿ ಹೊಳೆವ ಕೆಂಪಾದ ಅವಳು ಪುಪ್ಪುಸ ಅಭಿಧಮನಿ ಹಿಡಿದು ಎಡ ಹೃತ್ಕರ್ಣಕ್ಕೆ ಬರುತ್ತಾಳೆ. ಇಂಥ ಅಭಿಧಮನಿಗಳು ನಾಲ್ಕು, ಅವು ಸೇರುವ ಕಡೆ ಕವಾಟವಿಲ್ಲ. ಅಲ್ಲಿಂದ ಎರಡು ಎಸಳಿನ ದ್ವಿದಳ ಕವಾಟ, ಆಮೇಲೆ ಎಡ ಹೃತ್ಕುಕ್ಷಿ. ಇದರ ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಹೆಚ್ಚು ರಕ್ತ ತಳ್ಳುತ್ತದೆ ಎಂದು ತಿಳಿಯಬೇಡಿ, ಎರಡೂ ತಳ್ಳುವುದು ಒಂದೇ ಅಳತೆ, ವಿಶ್ರಾಂತಿಯಲ್ಲಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್. ಬಲಕ್ಕೆ ಪಕ್ಕದ ಶ್ವಾಸಕೋಶದವರೆಗಷ್ಟೇ ಕೆಲಸ. ಎಡಕ್ಕೆ ನೆತ್ತಿಯಿಂದ ಹೆಬ್ಬೆರಳಿನವರೆಗೆ ದೂಡುವ ಒತ್ತಡ ಬೇಕು.

ಇನ್ನೊಂದು ಅರ್ಧಚಂದ್ರ ಕವಾಟ ದಾಟಿದರೆ ಮಹಾಪಧಮನಿ. ಅದು ಕಮಾನಿನಂತೆ ಬಾಗಿ ಕೆಳಗಿಳಿದು ಹೊಕ್ಕುಳಿನ ಮಟ್ಟದಲ್ಲಿ ಎರಡಾಗುತ್ತದೆ. ಕೆಂಪಿ ಎಡಕ್ಕೆ ಹೊರಳುತ್ತಾಳೆ. ತೊಡೆಸಂದಿಯಲ್ಲಿ ಬೆರಳಿಟ್ಟರೆ ಅವಳು ಹಾಯುವ ನಾಡಿ ಸಿಗುತ್ತದೆ. ಮೊಣಕಾಲ ಹಿಂದೆ ಇಳಿದು, ಕವಲಿನಲ್ಲಿ ಕವಲು ಹಿಡಿದು, ಮತ್ತೆ ಅದೇ ಮೀನಖಂಡ. ಸುಮ್ಮನೆ ಕೂತಾಗ ಒಂದು ಸುತ್ತಿಗೆ ಸರಾಸರಿ ಒಂದು ನಿಮಿಷ: ಮೈಯಲ್ಲಿರುವುದು ಸುಮಾರು ಐದು ಲೀಟರ್ ರಕ್ತ, ಹೃದಯ ನಿಮಿಷಕ್ಕೆ ತಳ್ಳುವುದೂ ಹೆಚ್ಚುಕಡಿಮೆ ಅಷ್ಟೇ. ಸುಮಾರು 120 ದಿನ ಹೀಗೆ ಸುತ್ತಿದ ಮೇಲೆ ಕೆಂಪಿ ಖಡಕ್ ರೊಟ್ಟಿಯಾಗುತ್ತಾಳೆ, ಮಡಚಲು ಬರುವುದಿಲ್ಲ. ಗುಲ್ಮದಂಥ ಕಡೆ ಅವಳನ್ನು ಹಿಡಿದು ಒಡೆಯುತ್ತಾರೆ, ಕಬ್ಬಿಣವನ್ನು ಮಾತ್ರ ಎತ್ತಿಡುತ್ತಾರೆ.

ಕತೆ ಬರೆದಾದ ಮೇಲೆ ಪುಸ್ತಕ ಮುಚ್ಚಿ ಎರಡು ಸಲ ಹೇಳಿ. ಒಂದು ಸಲ ನಡುವಿನಿಂದ, ಅಂದರೆ ದ್ವಿದಳ ಕವಾಟದಿಂದ ಹೊರಟು ಅಲ್ಲಿಗೇ ಬನ್ನಿ. ಇನ್ನೊಂದು ಸಲ ಹಿಂದುಮುಂದಾಗಿ. ಹಿಂದುಮುಂದಾಗಿ ಹೇಳುವಾಗ ತಡವರಿಸಿದ ಜಾಗವೇ ಬಾಯಿಪಾಠದಿಂದ ದಾಟಿಸಿದ ಜಾಗ. ಅಲ್ಲೊಂದು ಘಟನೆ ಸೇರಿಸಿ. ಮೀನಖಂಡದ ಬದಲು ಕರುಳನ್ನು ಆರಿಸಿಕೊಂಡವರು ಮರಳುವ ದಾರಿಯಲ್ಲಿ ಒಂದು ನಿಲ್ದಾಣ ಹೆಚ್ಚು ಬರೆಯಬೇಕು: ಕರುಳಿನ ರಕ್ತ ಮೊದಲು ಯಕೃತ್ತಿನೊಳಗೆ ಹಾದು ಆಮೇಲೆ ಅಧೋ ಮಹಾಅಭಿಧಮನಿ ಸೇರುತ್ತದೆ.

ಕೊನೆಗೆ ಈ ಪ್ರಶ್ನೆ ಹಾಕಿಕೊಳ್ಳಿ. ಬಹಳ ದಿನ ಹಾಸಿಗೆ ಹಿಡಿದವರೊಬ್ಬರ ಮೀನಖಂಡದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತು, ಹೆಪ್ಪು ಕಿತ್ತು ಹೊರಟಿತು. ಅದು ಸಿಕ್ಕಿಕೊಳ್ಳುವುದು ಎಲ್ಲಿ? ಕೆಂಪಿಯ ಬೆನ್ನು ಹತ್ತಿ ಹೋಗಿ. ಅಭಿಧಮನಿ ಮುಂದೆ ಹೋದಷ್ಟೂ ಅಗಲವಾಗುತ್ತದೆ, ತಡೆಯುವುದಿಲ್ಲ. ಬಲಭಾಗದ ಎರಡೂ ಕೋಣೆ ದೊಡ್ಡವು, ಬಿಟ್ಟುಬಿಡುತ್ತವೆ. ದಾರಿ ಮತ್ತೆ ಕಿರಿದಾಗುವುದು ಪುಪ್ಪುಸ ಅಪಧಮನಿಯ ಕವಲುಗಳಲ್ಲಿ. ಆದ್ದರಿಂದ ಕಾಲಿನ ಹೆಪ್ಪು ಶ್ವಾಸಕೋಶದಲ್ಲಿ ಸಿಕ್ಕುತ್ತದೆ. ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದದ್ದು ಇದಕ್ಕೇ. ಹೃದಯದ ನಡುಗೋಡೆಯಲ್ಲಿ ರಂಧ್ರವಿದ್ದರೆ ಮಾತ್ರ ಅದು ಅಡ್ಡದಾರಿಯಲ್ಲಿ ಎಡಕ್ಕೆ ದಾಟಬಹುದು. ಅದೇ ಹೆಪ್ಪು ಎಡ ಹೃತ್ಕರ್ಣದಲ್ಲಿ ಕಟ್ಟಿದ್ದರೆ? ಮುಂದಿನ ಕಿರಿದಾದ ದಾರಿ ಯಾವುದೆಂದು ಕತೆಯಲ್ಲೇ ಇದೆ: ಮಹಾಪಧಮನಿಯ ಕವಲುಗಳು, ಅಂದರೆ ಮಿದುಳು, ಮೂತ್ರಪಿಂಡ ಅಥವಾ ಕಾಲು.