ಒಂದು ಕಾಲು ಹೊರಗಿದೆ, ಇನ್ನೊಂದು ಕಾಣುತ್ತಿಲ್ಲ: ಕರುವಿನ ಮಡಚಿದ ಕಾಲನ್ನು ನಾನು ಸರಿಪಡಿಸುವ ಕ್ರಮ

ಹಸು ತಿಣುಕುತ್ತಿದೆ, ನೀರಿನ ಚೀಲ ಒಡೆದಿದೆ, ಒಂದು ಗೊರಸು ಹೊರಗೆ ಬಂದು ಅಲ್ಲೇ ನಿಂತಿದೆ. ಇಂಥ ಹೊತ್ತಿನಲ್ಲಿ ಆ ಕಾಲಿಗೆ ಹಗ್ಗ ಕಟ್ಟಿ ಎಳೆಯುವುದು ಅತ್ಯಂತ ದೊಡ್ಡ ತಪ್ಪು. ಸರಿಯಾಗಿ ಬರುವ ಕರುವಿನ ಎರಡೂ ಮುಂಗಾಲು ಮುಂದೆ ಚಾಚಿರುತ್ತವೆ, ಅಂಗಾಲು ಕೆಳಮುಖವಾಗಿರುತ್ತದೆ, ಮೂತಿ ಆ ಎರಡು ಕಾಲುಗಳ ಮೇಲೆ ಒರಗಿರುತ್ತದೆ. ಇದರಲ್ಲಿ ಒಂದು ಕಾಣದಿದ್ದರೂ ಒಳಗೆ ಏನಾಗಿದೆ ಎಂದು ಕೈ ಹಾಕಿ ನೋಡದೆ ಮುಂದಿನ ಹೆಜ್ಜೆ ಇಡಬಾರದು.

ಯಾವಾಗ ಕೈ ಹಾಕಬೇಕು ಎಂಬುದಕ್ಕೆ ನಾನು ಗಡಿಯಾರವನ್ನೇ ನಂಬುತ್ತೇನೆ. ನೀರಿನ ಚೀಲ ಕಂಡ ಅಥವಾ ಒಡೆದ ಹೊತ್ತನ್ನು ಗೋಡೆಯ ಮೇಲೆ ಬರೆದಿಡುತ್ತೇನೆ. ಹಿಂದೆ ಈದಿರುವ ಹಸು ಜೋರಾಗಿ ತಿಣುಕುತ್ತಾ ಅರ್ಧ ಗಂಟೆಯಾದರೂ ಕರು ಮುಂದೆ ಸರಿಯದಿದ್ದರೆ ಪರೀಕ್ಷಿಸಬೇಕು. ಮೊದಲ ಸೂಲಿನ ಕಡಸಿಗೆ ಒಂದು ಗಂಟೆಯವರೆಗೆ ಕಾಯಬಹುದು, ಆದರೆ ಪ್ರತಿ ಬೇನೆಗೂ ಸ್ವಲ್ಪವಾದರೂ ಮುಂದೆ ಬರುತ್ತಿದ್ದರೆ ಮಾತ್ರ. ಒಂದೇ ಗೊರಸು, ಮೂತಿ ಮಾತ್ರ, ಬಾಲ ಮಾತ್ರ, ಅಂಗಾಲು ಮೇಲ್ಮುಖವಾದ ಗೊರಸು: ಇವುಗಳಲ್ಲಿ ಯಾವುದೇ ಕಂಡರೂ ಕಾಯುವ ಮಾತಿಲ್ಲ, ಕೂಡಲೇ ನೋಡಬೇಕು.

ಕೈ ಹಾಕುವ ಮೊದಲು ಹಸುವನ್ನು ಆದಷ್ಟು ನಿಲ್ಲಿಸಿಕೊಳ್ಳುತ್ತೇನೆ. ನಿಂತಾಗ ಹೊಟ್ಟೆಯ ಭಾರ ಕೆಳಗೆ ಜಾರಿ ಒಳಗೆ ಕೈ ಆಡಿಸಲು ಜಾಗ ಸಿಗುತ್ತದೆ. ಮಲಗಿದ ಹಸು ತಿಣುಕುವಾಗ ನಮ್ಮ ತೋಳು ಮೂಳೆಗೂ ಕರುವಿಗೂ ನಡುವೆ ಸಿಕ್ಕಿ ಮರಗಟ್ಟಿಬಿಡುತ್ತದೆ. ಬಾಲವನ್ನು ಪಕ್ಕಕ್ಕೆ ಕಟ್ಟಿ, ಹಿಂಭಾಗವನ್ನು ಸೋಪು ಮತ್ತು ಉಗುರುಬೆಚ್ಚಗಿನ ನೀರಿನಿಂದ ಎರಡು ಸಲ ತೊಳೆದು, ಸ್ವಲ್ಪ ಪೊವಿಡೋನ್ ಅಯೋಡಿನ್ ಹಾಕಿದ ನೀರಿನಲ್ಲಿ ಮತ್ತೆ ಒರೆಸುತ್ತೇನೆ. ಉಗುರು ಕತ್ತರಿಸಿರಬೇಕು, ಉಂಗುರ, ಬಳೆ, ಗಡಿಯಾರ ತೆಗೆದಿರಬೇಕು. ತೋಳಿನವರೆಗೆ ಬರುವ ಕೈಗವಸು ಹಾಕಿಕೊಳ್ಳುವುದು ಹಸುವಿಗಾಗಿ ಮಾತ್ರವಲ್ಲ. ಬ್ರುಸೆಲ್ಲೋಸಿಸ್ ಎಂಬ ಕಾಯಿಲೆ ಈಯುವ ಹಸುವಿನ ನೀರು, ಮಾಸುಗಳ ಮೂಲಕವೂ ಮನುಷ್ಯರಿಗೆ ಅಂಟುತ್ತದೆ.

ಜಾರುವಿಕೆಗೆ ಲಿಕ್ವಿಡ್ ಪ್ಯಾರಾಫಿನ್ ಅಥವಾ ಹೆರಿಗೆಗೆಂದೇ ಸಿಗುವ ಜೆಲ್ಲಿ ಬೇಕು. ಕೈಗೆ ಸವರಿಕೊಂಡರೆ ಸಾಲದು, ಅರ್ಧ ಲೀಟರಿನಷ್ಟನ್ನು ಕರುವಿನ ಸುತ್ತಲೂ ಹೋಗುವಂತೆ ಒಳಗೆ ಬಿಡಬೇಕು. ನೀರು ಒಡೆದು ಬಹಳ ಹೊತ್ತಾಗಿದ್ದರೆ ಒಳಭಾಗ ಒಣಗಿ ಕರುವಿಗೆ ಅಂಟಿಕೊಂಡಂತಿರುತ್ತದೆ. ಬಟ್ಟೆ ತೊಳೆಯುವ ಪುಡಿ, ಪಾತ್ರೆ ಸೋಪುಗಳನ್ನು ಒಳಗೆ ಬಳಸಬಾರದು, ಅವು ಇರುವ ಜಿಗುಟನ್ನೂ ತೊಳೆದು ಮೈಯನ್ನು ಉರಿಸುತ್ತವೆ.

ಬೆರಳುಗಳನ್ನು ಮೊಗ್ಗಿನಂತೆ ಒಟ್ಟುಗೂಡಿಸಿ, ಬೇನೆ ಇಳಿದ ನಡುವಿನ ಹೊತ್ತಿನಲ್ಲಿ ಕೈ ಒಳಗೆ ಹೋಗಬೇಕು. ಹಸು ತಿಣುಕಿದಾಗ ಇದ್ದಲ್ಲೇ ನಿಲ್ಲಿಸುವುದು, ಸಡಿಲಾದಾಗ ಮುಂದೆ ಸರಿಸುವುದು. ಮೊದಲು ಗರ್ಭಕೋಶದ ಬಾಯಿ ತೆರೆದಿದೆಯೇ ಎಂದು ಸುತ್ತಲೂ ಬೆರಳಾಡಿಸಿ ನೋಡುತ್ತೇನೆ. ಕರುವಿನ ಸುತ್ತ ಬಿಗಿಯಾದ ಬಳೆಯಂತೆ ತಗುಲಿದರೆ ಅದು ಇನ್ನೂ ತೆರೆದಿಲ್ಲ. ಒಳಗೆ ಹೋಗುವ ದಾರಿಯೇ ಹಿಂಡಿದ ಬಟ್ಟೆಯಂತೆ ಸುರುಳಿಯಾಗಿ ಮಡಿಕೆ ಮಡಿಕೆಯಾಗಿದ್ದರೆ ಗರ್ಭಕೋಶ ತಿರುಚಿಕೊಂಡಿದೆ ಎಂದರ್ಥ. ಎಮ್ಮೆಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಈ ಎರಡರಲ್ಲೂ ಕೈ ಹೊರತೆಗೆದು ಪಶುವೈದ್ಯರಿಗೆ ಫೋನ್ ಮಾಡುವುದೊಂದೇ ಕೆಲಸ.

ಆಮೇಲೆ ಸಿಕ್ಕಿರುವ ಕಾಲು ಮುಂಗಾಲೋ ಹಿಂಗಾಲೋ ಎಂಬುದು ತಿಳಿಯಬೇಕು. ಗೊರಸಿನಿಂದ ಮೇಲಕ್ಕೆ ಹೋಗುತ್ತಾ ಎರಡು ಕೀಲುಗಳನ್ನು ಮಡಚಿ ನೋಡಿ. ಗೊರಸಿನ ಮೇಲಿನ ಗೆಣ್ಣು ಮತ್ತು ಅದರ ಮುಂದಿನ ಕೀಲು ಎರಡೂ ಒಂದೇ ದಿಕ್ಕಿಗೆ ಮಡಚಿದರೆ ಅದು ಮುಂಗಾಲು, ಮೇಲಿನದು ಮಂಡಿ. ಎರಡನೆಯದು ಎದುರು ದಿಕ್ಕಿಗೆ ಮಡಚಿದರೆ, ಮತ್ತು ಹಿಂದೆ ಚೂಪಾದ ಎಲುಬಿನ ತುದಿ ಬೆರಳಿಗೆ ತಗುಲಿದರೆ ಅದು ಹಿಮ್ಮಡಿ, ಅಂದರೆ ಹಿಂಗಾಲು. ಅಂಗಾಲು ಮೇಲ್ಮುಖವಾಗಿದೆ ಎಂಬುದೊಂದನ್ನೇ ನೋಡಿ ಹಿಂಗಾಲು ಎಂದು ತೀರ್ಮಾನಿಸಬಾರದು, ಬೆನ್ನು ಕೆಳಗಾಗಿ ಮಲಗಿದ ಕರುವಿನ ಮುಂಗಾಲೂ ಹಾಗೆಯೇ ಇರುತ್ತದೆ. ಎರಡು ಕಾಲು ಸಿಕ್ಕಿದರೆ ಎರಡನ್ನೂ ಎದೆಯವರೆಗೆ ಸವರಿಕೊಂಡು ಹೋಗಿ ಒಂದೇ ಮೈಗೆ ಸೇರಿವೆಯೇ ಎಂದು ಖಚಿತಪಡಿಸಿಕೊಳ್ಳುತ್ತೇನೆ. ಅವಳಿ ಇದ್ದರೆ ಒಂದು ಕಾಲು ಒಂದರದು, ಇನ್ನೊಂದು ಮತ್ತೊಂದರದು ಆಗಿರಬಹುದು.

ಕರು ಬದುಕಿದೆಯೇ ಎಂದು ತಿಳಿಯಲು ಗೊರಸಿನ ಎರಡು ಸೀಳುಗಳ ನಡುವೆ ಚಿವುಟಿದರೆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಬಾಯಿಗೆ ಬೆರಳಿಟ್ಟರೆ ಚೀಪುತ್ತದೆ. ತಲೆ ಹೊರಗೆ ಬಂದು ಊದಿ ನಾಲಿಗೆ ನೀಲಿಯಾಗಿದ್ದರೂ ಕರು ಬದುಕಿರುವುದು ಉಂಟು, ನೋಟಕ್ಕೆ ಸತ್ತಿದೆ ಎಂದು ಕೈಬಿಡಬೇಡಿ.

ಈಗ ನಮ್ಮ ಪ್ರಕರಣಕ್ಕೆ ಬರೋಣ. ಹೊರಗಿರುವುದು ಬಲ ಮುಂಗಾಲು, ಮೂತಿ ಒಳಗೆ ನೇರವಾಗಿದೆ, ಎಡಗಾಲು ಕಾಣುತ್ತಿಲ್ಲ. ಕುತ್ತಿಗೆಯಿಂದ ಎಡ ಹೆಗಲಿಗೆ, ಅಲ್ಲಿಂದ ಕೆಳಕ್ಕೆ ಸವರಿದಾಗ ಹಸುವಿನ ಸೊಂಟದ ಮೂಳೆಯ ಅಂಚಿಗೆ ಗುಂಡಗಿನ ಗಟ್ಟಿ ಮಂಡಿ ತಡೆದು ನಿಂತಿರುತ್ತದೆ, ಗೊರಸು ಕರುವಿನ ಹೊಟ್ಟೆಯ ಕಡೆಗೆ ಮಡಚಿರುತ್ತದೆ. ಎಳೆದಷ್ಟೂ ಆ ಮಂಡಿ ಮೂಳೆಗೆ ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ.

ಮೊದಲು ಹೊರಗಿರುವ ಬಲಗಾಲಿಗೆ ಹಗ್ಗ ಹಾಕಿ ಸಡಿಲವಾಗಿ ಬಿಡುತ್ತೇನೆ, ಆಗ ಅದು ಒಳಗೆ ಹೋದರೂ ಕಳೆದುಹೋಗುವುದಿಲ್ಲ. ಬಳಿಕ ಅಂಗೈಯನ್ನು ಕರುವಿನ ಎದೆಗೂ ಹೆಗಲಿಗೂ ನಡುವೆ ಇಟ್ಟು, ಹಸು ತಿಣುಕು ನಿಲ್ಲಿಸಿದಾಗ ನಿಧಾನವಾಗಿ ಒಳಕ್ಕೆ ತಳ್ಳಬೇಕು. ಈ ತಳ್ಳುವಿಕೆಯೇ ಇಡೀ ಕೆಲಸದ ಮುಖ್ಯ ಭಾಗ. ಮೂಳೆಯ ಕಿರಿದಾದ ದಾರಿಯಲ್ಲಿ ಕಾಲು ಬಿಡಿಸಲು ಜಾಗವೇ ಇರುವುದಿಲ್ಲ, ಕರು ಗರ್ಭಕೋಶದ ಒಳಕ್ಕೆ ಒಂದು ಗೇಣು ಸರಿದರೆ ಮಾತ್ರ ಜಾಗ ಸಿಗುತ್ತದೆ.

ಜಾಗ ಸಿಕ್ಕ ಮೇಲೆ ಮಂಡಿಯನ್ನು ಮೇಲಕ್ಕೂ ಹೊರಪಕ್ಕಕ್ಕೂ ತಳ್ಳುತ್ತಾ, ಕೈಯನ್ನು ಕಾಲಿನುದ್ದಕ್ಕೂ ಕೆಳಗೆ ಜಾರಿಸಿ ಗೊರಸನ್ನು ಅಂಗೈಯಲ್ಲಿ ಪೂರ್ತಿ ಮುಚ್ಚಿ ಹಿಡಿಯುತ್ತೇನೆ. ಮಂಡಿ ಹೊರಪಕ್ಕಕ್ಕೆ, ಗೊರಸು ಒಳಪಕ್ಕಕ್ಕೆ: ಗೊರಸನ್ನು ಕರುವಿನ ಹೊಟ್ಟೆಯ ನಡುಗೆರೆಯ ಕಡೆಗೆ ತಂದು, ಅಲ್ಲಿಂದ ಮೂಳೆಯ ಅಂಚಿನ ಮೇಲೆ ಎತ್ತಿ ಮುಂದಕ್ಕೆ ಚಾಚಬೇಕು. ಗೊರಸಿನ ಚೂಪು ತುದಿ ಅಂಗೈಗೆ ಒತ್ತುತ್ತಿರುವುದು ಇಡೀ ಸಮಯ ನಮಗೆ ಗೊತ್ತಾಗುತ್ತಿರಬೇಕು. ಆ ತುದಿ ಕೈಯಿಂದ ತಪ್ಪಿ ತಿರುಗಿದರೆ ಗರ್ಭಕೋಶದ ಗೋಡೆ ಹರಿಯಬಹುದು. ಹಸು ತಿಣುಕಿದರೆ ಹಿಡಿತ ಬಿಡದೆ ಸುಮ್ಮನೆ ನಿಲ್ಲುವುದು, ಬೇನೆಯ ಎದುರು ಬಲ ಹಾಕುವುದಲ್ಲ.

ಕೆಲವೊಮ್ಮೆ ಮಂಡಿಯೂ ಸಿಗುವುದಿಲ್ಲ, ಇಡೀ ಕಾಲು ಹೆಗಲಿನಿಂದಲೇ ಹಿಂದಕ್ಕೆ ಹೋಗಿರುತ್ತದೆ. ಆಗ ಹೆಗಲ ಕೆಳಗೆ ಮುಂಗೈಯಂತಿರುವ ಎಲುಬನ್ನು ಹಿಡಿದು ಎಳೆದು ಮೊದಲು ಮಂಡಿಯನ್ನು ದಾರಿಯ ಬಾಯಿಗೆ ತಂದುಕೊಳ್ಳಬೇಕು, ಆಮೇಲೆ ಮೇಲಿನ ಕ್ರಮವೇ. ನಮ್ಮ ತೋಳಿಗೆ ನಿಲುಕದಿದ್ದರೆ ಅದು ವೈದ್ಯರ ಕೆಲಸ.

ಎರಡೂ ಕಾಲು ಸೇರಿದ ಮೇಲೆಯೇ ಎಳೆಯುವ ಮಾತು. ಹಗ್ಗದ ಮೊದಲ ಕುಣಿಕೆ ಗೆಣ್ಣಿನ ಮೇಲೆ, ಎರಡನೆಯ ಸುತ್ತು ಗೆಣ್ಣಿನ ಕೆಳಗೆ ಇರಬೇಕು. ಒಂದೇ ಕುಣಿಕೆ ಹಾಕಿದರೆ ಬಲವೆಲ್ಲ ಒಂದೇ ಕಡೆ ಬಿದ್ದು ಎಲುಬು ಮುರಿಯಬಹುದು. ಒಂದೊಂದು ಕಾಲನ್ನು ಸರದಿಯಂತೆ, ಹಸು ತಿಣುಕಿದಾಗ ಮಾತ್ರ ಎಳೆಯುತ್ತೇನೆ, ಹೀಗೆ ಮಾಡಿದರೆ ಹೆಗಲುಗಳು ಒಂದಾದ ಮೇಲೊಂದು ಓರೆಯಾಗಿ ದಾಟುತ್ತವೆ. ಎರಡೂ ಗೆಣ್ಣು ಹೊರಗೆ ಬಂದು ಇನ್ನೂ ಅಂಗೈಯಗಲ ಮುಂದೆ ಸರಿದರೆ ಕರುವಿನ ಹೆಗಲು ಹಸುವಿನ ಸೊಂಟದ ಮೂಳೆಯ ದಾರಿಯನ್ನು ಹೊಕ್ಕಿದೆ ಎಂದು ತಿಳಿಯಬಹುದು. ಬದಲಿಗೆ ಕಾಲುಗಳು ಒಂದರ ಮೇಲೊಂದು ಕತ್ತರಿಯಾಗಿ ನಿಂತು, ತಲೆ ಹಿಂದಕ್ಕೆ ಒತ್ತುತ್ತಿದ್ದರೆ ಕರು ದಾರಿಗಿಂತ ದಪ್ಪ ಇದೆ, ಅಲ್ಲಿಗೆ ನಿಲ್ಲಿಸಬೇಕು. ಇಬ್ಬರ ತೋಳ್ಬಲಕ್ಕಿಂತ ಹೆಚ್ಚು ಎಂದಿಗೂ ಬೇಡ. ತಲೆ, ಎದೆ ಹೊರಬಂದ ಮೇಲೆ ಎಳೆತ ನೇರವಾಗಿರದೆ ಹಸುವಿನ ಹಿಂಗಾಲಿನ ಕಡೆಗೆ, ಕೆಳಮುಖವಾಗಿರಲಿ. ಸೊಂಟ ಸಿಕ್ಕಿಕೊಂಡರೆ ಕರುವಿನ ಮೈಯನ್ನು ಕಾಲು ಸುತ್ತು ತಿರುಗಿಸಿದಾಗ ಬಿಡುತ್ತದೆ.

ಕರು ಹೊರಬಂದ ಮೇಲೆ ಮೂಗು ಬಾಯಿ ಒರೆಸಿ, ಎದೆಯ ಮೇಲೆ ಕೂರಿಸಿ, ಒಣಹುಲ್ಲಿನಿಂದ ಮೈ ಉಜ್ಜಿ, ಮೂಗಿನ ಹೊಳ್ಳೆಯಲ್ಲಿ ಹುಲ್ಲಿನ ಕಡ್ಡಿ ಆಡಿಸುತ್ತೇನೆ. ಬಳಿಕ ಮತ್ತೆ ಕೈ ತೊಳೆದು ಒಳಗೆ ಇನ್ನೊಂದು ಕರು ಇದೆಯೇ, ಎಲ್ಲಾದರೂ ಹರಿದಿದೆಯೇ ಎಂದು ನೋಡಲೇಬೇಕು. ಕೆಂಪು ರಕ್ತ ಧಾರೆಯಾಗಿ ಬರುತ್ತಿದ್ದರೆ, ಅಥವಾ ಮಾಸು 12 ಗಂಟೆಯಾದರೂ ಬೀಳದಿದ್ದರೆ ವೈದ್ಯರಿಗೆ ತಿಳಿಸಬೇಕು. ಮಾಸನ್ನು ಕೈಯಿಂದ ಕಿತ್ತು ತೆಗೆಯಬಾರದು.

ನನ್ನ ಮಟ್ಟಿಗೆ ಮಿತಿ ಹೀಗಿದೆ: ಸರಿಪಡಿಸಲು ಶುರು ಮಾಡಿ ಅರ್ಧ ಗಂಟೆಯಲ್ಲಿ ಸ್ಪಷ್ಟವಾದ ಮುನ್ನಡೆ ಇಲ್ಲದಿದ್ದರೆ ಕೈ ತೆಗೆಯುತ್ತೇನೆ. ಹೆಚ್ಚು ಹೊತ್ತು ಕೈಯಾಡಿಸಿದರೆ ಒಳಭಾಗ ಊದಿ, ಬಂದ ವೈದ್ಯರಿಗೂ ಜಾಗ ಉಳಿಯುವುದಿಲ್ಲ. ತಲೆ ಪಕ್ಕಕ್ಕೆ ತಿರುಗಿ ಪಕ್ಕೆಲುಬಿನ ಮೇಲೆ ಮಲಗಿದ್ದರೆ ನಾನು ಪ್ರಯತ್ನವನ್ನೇ ಮಾಡುವುದಿಲ್ಲ. ಬಾಲ ಮಾತ್ರ ಸಿಕ್ಕಿ ಎರಡೂ ಹಿಂಗಾಲು ಹೊಟ್ಟೆಯಡಿ ಮಡಚಿದ್ದರೂ ಅಷ್ಟೇ. ಈ ಕೊನೆಯದು ಮೋಸಗೊಳಿಸುತ್ತದೆ, ಏಕೆಂದರೆ ದಾರಿಯಲ್ಲಿ ಏನೂ ತುಂಬಿಕೊಳ್ಳದ ಕಾರಣ ಹಸು ಜೋರಾಗಿ ತಿಣುಕುವುದೇ ಇಲ್ಲ, ನೋಡುವವರಿಗೆ ಇನ್ನೂ ಹೊತ್ತಿದೆ ಎನಿಸುತ್ತದೆ.

ಫೋನಿನಲ್ಲಿ ನೀರು ಒಡೆದ ಹೊತ್ತು, ಎಷ್ಟನೆಯ ಸೂಲು, ಕೈಗೆ ಸಿಕ್ಕಿದ್ದು ಮುಂಗಾಲೋ ಹಿಂಗಾಲೋ, ತಲೆ ಎತ್ತ ಇದೆ, ಕರು ಚೀಪಿತೇ ಎಂಬುದನ್ನು ಹೇಳಿದರೆ ಅವರು ಬೇಕಾದ ಸಲಕರಣೆಯೊಂದಿಗೇ ಬರುತ್ತಾರೆ. ಅವರು ಬರುವವರೆಗೆ ಹಸುವನ್ನು ಜಾರದ ನೆಲದಲ್ಲಿ ನಿಲ್ಲಿಸಿ ನಿಧಾನವಾಗಿ ನಡೆಸುತ್ತೇನೆ, ನಡೆದಾಗ ತಿಣುಕುವುದು ಕಡಿಮೆಯಾಗುತ್ತದೆ. ಬೇನೆ ಹೆಚ್ಚಿಸುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಯಾರು ಹೇಳಿದರೂ ಈ ಹಂತದಲ್ಲಿ ಕೊಡಿಸುವುದಿಲ್ಲ. ದಾರಿಗೆ ಅಡ್ಡ ನಿಂತ ಕರುವನ್ನು ಒಳಗಿನಿಂದ ಇನ್ನಷ್ಟು ಒತ್ತಿದರೆ ಗರ್ಭಕೋಶವೇ ಬಿರಿಯಬಹುದು.